ನಿರಾಶ್ರಿತರ ಟ್ರಾವೆಲ್ ಡಾಕ್ಯುಮೆಂಟ್: ಆಮ್‌ಸ್ಟರ್‌ಡ್ಯಾಮ್ ಸರಿ, ಲಂಡನ್‌ಗೂ ನಡೆಯುತ್ತಾ?

ವಿನುತಾ
ಎಲ್ಲರಿಗೂ ನಮಸ್ಕಾರ. ನಮ್ಮ ಕಂಪನಿಯಲ್ಲಿ ಟಿಕೆಟ್, ಹೋಟೆಲ್ ಬುಕ್ ಮಾಡುವ ಕೆಲಸ ನನ್ನದು. ಜರ್ಮನಿ ಆಫೀಸಿನ ಇಬ್ಬರು ಸಹೋದ್ಯೋಗಿಗಳಿಗೆ ಅಕ್ಟೋಬರ್‌ನಲ್ಲಿ ಒಂದು ಪ್ರವಾಸ ಗೊತ್ತು ಮಾಡಬೇಕಿದೆ. ಇಬ್ಬರ ಹತ್ತಿರವೂ ಮಾಮೂಲಿ ಪಾಸ್‌ಪೋರ್ಟ್ ಇಲ್ಲ.

ಒಬ್ಬರು ಸಿರಿಯಾದವರು. ಜರ್ಮನಿ ಅವರನ್ನು ನಿರಾಶ್ರಿತರು ಎಂದು ಒಪ್ಪಿಕೊಂಡಿದೆ. ನೀಲಿ ಬಣ್ಣದ ಪುಸ್ತಕ, ಮೂಲೆಯಲ್ಲಿ ಎರಡು ಗೆರೆ, ಮುಖಪುಟದ ಮೇಲೆ 1951ರ ಜುಲೈ 28ರ ಒಪ್ಪಂದ ಅಂತ ಬರೆದಿದೆ. ಇನ್ನೊಬ್ಬರಿಗೆ ಯಾವ ದೇಶದ ಪೌರತ್ವವೂ ಇಲ್ಲ. ಅವರ ಪುಸ್ತಕವನ್ನೂ ಜರ್ಮನಿಯೇ ಕೊಟ್ಟಿದೆ, ಆದರೆ ಅದರಲ್ಲಿ 1954ರ ಸೆಪ್ಟೆಂಬರ್ 28 ಅಂತಿದೆ. ಇಬ್ಬರ ಹತ್ತಿರವೂ ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಇದೆ.

ಮೊದಲು ರೈಲಿನಲ್ಲಿ ಆಮ್‌ಸ್ಟರ್‌ಡ್ಯಾಮ್, ಅಲ್ಲಿ ಮೀಟಿಂಗ್. ಆಮೇಲೆ ಯೂರೋಸ್ಟಾರ್ ರೈಲಿನಲ್ಲಿ ಲಂಡನ್, ಎರಡು ದಿನ. ವಾಪಸ್ ಬರಲು ಡಬ್ಲಿನ್ ಮೂಲಕ ಅಗ್ಗದ ವಿಮಾನ ಸಿಕ್ಕಿದೆ, ಎರಡು ಬೇರೆ ಬೇರೆ ಬುಕಿಂಗ್. ಇವರಿಗೆ ವೀಸಾ ಬೇಕಾ? ಬುಕಿಂಗ್ ಸೈಟಿನಲ್ಲಿ ರಾಷ್ಟ್ರೀಯತೆ ಕೇಳುವ ಕಡೆ ಸಿರಿಯಾ ಹಾಕಲಾ, ಜರ್ಮನಿ ಹಾಕಲಾ?

ಹರೀಶ್ ಬಿ.
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಇದಕ್ಕೆ ಅಂತಲೇ 1959ರಲ್ಲಿ ಯುರೋಪಿನ ದೇಶಗಳು ಒಂದು ಒಪ್ಪಂದ ಮಾಡಿಕೊಂಡಿವೆ. ಒಂದು ದೇಶದಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ನಿರಾಶ್ರಿತರು ಇನ್ನೊಂದು ದೇಶಕ್ಕೆ ಮೂರು ತಿಂಗಳವರೆಗೆ ವೀಸಾ ಇಲ್ಲದೆ ಹೋಗಬಹುದು. ಜರ್ಮನಿ, ನೆದರ್‌ಲ್ಯಾಂಡ್ಸ್, ಬ್ರಿಟನ್, ಐರ್ಲೆಂಡ್ ಎಲ್ಲವೂ ಸಹಿ ಹಾಕಿವೆ. ಟಿಕೆಟ್ ಮಾಡಿಸಿ.

ಮೊಹರು
ಹರೀಶ್ ಅವರು ಹೇಳಿದ ಒಪ್ಪಂದ ನಿಜ. ಆದರೆ ಅದನ್ನು ನಂಬಿಕೊಂಡು ಟಿಕೆಟ್ ಮಾಡಿಸಿದರೆ ಇಬ್ಬರೂ ಆಮ್‌ಸ್ಟರ್‌ಡ್ಯಾಮ್ ರೈಲು ನಿಲ್ದಾಣದಿಂದಲೇ ವಾಪಸ್ ಬರಬೇಕಾಗುತ್ತದೆ. ಬ್ರಿಟನ್ 2003ರ ಫೆಬ್ರವರಿಯಲ್ಲೇ ಈ ಒಪ್ಪಂದವನ್ನು ತನ್ನ ಮಟ್ಟಿಗೆ ತಡೆಹಿಡಿದಿದೆ. ಐರ್ಲೆಂಡ್ 2022ರ ಜುಲೈನಲ್ಲಿ ಅದೇ ಕೆಲಸ ಮಾಡಿತು. ಸಹಿ ಹಾಕಿದ ದೇಶಗಳ ಪಟ್ಟಿಯಲ್ಲಿ ಹೆಸರು ಈಗಲೂ ಕಾಣುತ್ತದೆ. ಪಟ್ಟಿಯನ್ನು ಮಾತ್ರ ನೋಡಿದವರು ಮೋಸ ಹೋಗುವುದು ಇಲ್ಲೇ. ಯಾವ ದೇಶ ಏನು ಘೋಷಣೆ ಮಾಡಿದೆ ಅಂತ ಕೆಳಗಿನ ಟಿಪ್ಪಣಿಗಳಲ್ಲಿ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ.

ಇನ್ನೊಂದು ವಿಷಯ. ಆ ಒಪ್ಪಂದ ನಿರಾಶ್ರಿತರಿಗೆ ಮಾತ್ರ. ಪೌರತ್ವ ಇಲ್ಲದವರ 1954ರ ಪುಸ್ತಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ನಿಮ್ಮ ಎರಡನೇ ಸಹೋದ್ಯೋಗಿಗೆ ಅದು ಮೊದಲಿನಿಂದಲೂ ಉಪಯೋಗಕ್ಕೆ ಬರುವಂಥದ್ದಲ್ಲ.

ನಾನು ಕೆಲವು ವರ್ಷ ವಿಮಾನ ನಿಲ್ದಾಣದಲ್ಲಿ ದಾಖಲೆ ಪರಿಶೀಲನೆ ಕೆಲಸ ಮಾಡಿದ್ದೇನೆ. ಈಗ ನಿರಾಶ್ರಿತರಿಗೆ ಸಲಹೆ ಕೊಡುವ ಕಡೆ ಇದ್ದೇನೆ. ಎರಡೂ ಕಡೆ ಜನ ಒಂದೇ ಪ್ರಶ್ನೆ ಕೇಳುತ್ತಾರೆ: "ಈ ಪುಸ್ತಕ ಆ ದೇಶದಲ್ಲಿ ನಡೆಯುತ್ತಾ?" ಅದರೊಳಗೆ ಎರಡು ಪ್ರಶ್ನೆ ಇವೆ. ಮೊದಲನೆಯದು, ಆ ದೇಶ ಈ ಪುಸ್ತಕವನ್ನು ಸರಿಯಾದ ಪ್ರಯಾಣ ದಾಖಲೆ ಎಂದು ಒಪ್ಪುತ್ತದೆಯೇ? ಒಪ್ಪಿದರೆ ತಾನೇ ಅದರ ಮೇಲೆ ವೀಸಾ ಕೊಡಲು ಆಗುವುದು. ಎರಡನೆಯದು, ಒಪ್ಪಿದ ಮೇಲೆ ವೀಸಾ ಇಲ್ಲದೆ ಒಳಗೆ ಬಿಡುತ್ತದೆಯೇ?

1951ರ ಒಪ್ಪಂದದ 28ನೇ ವಿಧಿ ಮತ್ತು ಅದರ ಅನುಬಂಧ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತವೆ. ಒಂದು ಸದಸ್ಯ ದೇಶ ಕೊಟ್ಟ ಪುಸ್ತಕವನ್ನು ಬೇರೆ ಸದಸ್ಯ ದೇಶಗಳು ಮಾನ್ಯ ಮಾಡಬೇಕು ಎಂದು ಅನುಬಂಧದ 7ನೇ ಪ್ಯಾರಾ ಹೇಳುತ್ತದೆ. ಅದೇ ಅನುಬಂಧದ 14ನೇ ಪ್ಯಾರಾ ನೋಡಿ: ಯಾರನ್ನು ಒಳಗೆ ಬಿಡಬೇಕು ಎನ್ನುವ ಆಯಾ ದೇಶದ ಕಾನೂನಿಗೆ ಇದರಿಂದ ಧಕ್ಕೆ ಇಲ್ಲ. ಅಂದರೆ ಬ್ರಿಟನ್ ನಿಮ್ಮ ಸಹೋದ್ಯೋಗಿಯ ನೀಲಿ ಪುಸ್ತಕವನ್ನು ಒಪ್ಪಿಕೊಂಡೇ "ವೀಸಾ ತೆಗೆದುಕೊಂಡು ಬನ್ನಿ" ಅನ್ನಬಹುದು. ಅನ್ನುತ್ತಿದೆ ಕೂಡ. ಬ್ರಿಟನ್ನಿನ ನಿಯಮದಲ್ಲಿ, ಯಾವ ದೇಶದವರಾದರೂ ಸರಿ, ಸ್ವಂತ ದೇಶದ ಪಾಸ್‌ಪೋರ್ಟ್ ಬಿಟ್ಟು ಬೇರೆ ದಾಖಲೆಯಲ್ಲಿ ಬರುವವರಿಗೆ ಭೇಟಿಗೆ ವೀಸಾ ಬೇಕು. ಪೌರತ್ವ ಇಲ್ಲದವರ ಹೆಸರನ್ನು ಅದೇ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಸೇರಿಸಿದ್ದಾರೆ. ವೀಸಾ ಬೇಡದವರಿಗೆ ಬ್ರಿಟನ್ ಆನ್‌ಲೈನ್‌ನಲ್ಲಿ ಕೊಡುವ ಇಟಿಎ ಎಂಬ ಪ್ರಯಾಣ ಅನುಮತಿ ಇವರಿಬ್ಬರಿಗೂ ಅಲ್ಲ.

ಆಮ್‌ಸ್ಟರ್‌ಡ್ಯಾಮ್ ಬಗ್ಗೆ ಆಮೇಲೆ ಬರೆಯುತ್ತೇನೆ. ಅಲ್ಲಿ ತೊಂದರೆ ಇಲ್ಲ.

ಶ್ರೀಧರ_ಎನ್
ನನ್ನದೂ ಇದೇ ಸಮಸ್ಯೆ. ಪ್ರವಾಸದಲ್ಲಿ ಪಾಸ್‌ಪೋರ್ಟ್ ಕಳೆದುಹೋಗಿದೆ. ರಾಯಭಾರ ಕಚೇರಿಯವರು ಒಂದು ಸಲದ ಪ್ರಯಾಣಕ್ಕೆ ತುರ್ತು ಕಾಗದ ಕೊಡುತ್ತೇವೆ ಅಂತಿದ್ದಾರೆ. ಅದರಲ್ಲಿ ಮಧ್ಯೆ ಇನ್ನೊಂದು ದೇಶ ನೋಡಿಕೊಂಡು ಬರಬಹುದಾ?

ಮೊಹರು
ಶ್ರೀಧರ್, ನಿಮ್ಮದು ಬೇರೆ ವಿಷಯ. ನಿಮಗೆ ದೇಶ ಇದೆ, ಅದು ಊರಿಗೆ ಮರಳಲು ಕಾಗದ ಕೊಡುತ್ತಿದೆ. ಆ ಕಾಗದದಲ್ಲಿ ದಾರಿ ಬರೆದಿರುತ್ತಾರೆ, ಸುತ್ತಾಡಲು ಅಲ್ಲ. ಬೇರೆ ಎಳೆ ಶುರು ಮಾಡಿ, ಅಲ್ಲಿ ಮಾತಾಡೋಣ.

ರಾಘು_ಹಳೆಕಡತ
ಇದು ವಿಶ್ವಸಂಸ್ಥೆ ಕೊಡುವ ಪಾಸ್‌ಪೋರ್ಟ್ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಅಲ್ಲ. ನಿರಾಶ್ರಿತರು ನೆಲೆಸಿರುವ ದೇಶದ ಸರ್ಕಾರವೇ ಕೊಡಬೇಕು. 1922ರಲ್ಲಿ ಫ್ರಿಡ್ಟ್‌ಯೋಫ್ ನಾನ್ಸೆನ್ ಶುರು ಮಾಡಿದ ನಾನ್ಸೆನ್ ಪಾಸ್‌ಪೋರ್ಟ್ ಕೂಡ ಹಾಗೇ ಇತ್ತು: ಹೆಸರು ನಾನ್ಸೆನ್‌ದು, ಮೊಹರು ಆಯಾ ಸರ್ಕಾರದ್ದು. ಅದಕ್ಕಿದ್ದ ದೊಡ್ಡ ಕೊರತೆ ಏನೆಂದರೆ, ಹೊರಗೆ ಹೋದವರನ್ನು ವಾಪಸ್ ಸೇರಿಸಿಕೊಳ್ಳುತ್ತೇವೆ ಎಂಬ ಮಾತು ಶುರುವಿನಲ್ಲಿ ಅದರಲ್ಲಿರಲಿಲ್ಲ. ಹಾಗಾದಾಗ ಯಾವ ದೇಶ ತಾನೇ ಧೈರ್ಯವಾಗಿ ಒಳಗೆ ಬಿಡುತ್ತದೆ?

ಮೊಹರು
ರಾಘು ಅವರೇ, ಒಳ್ಳೆ ಮಾತು ಎತ್ತಿದಿರಿ. ಈಗಿನ ಪುಸ್ತಕದ ಜೀವ ಇರುವುದೇ ಆ ವಾಪಸಾತಿ ಮಾತಿನಲ್ಲಿ. ಅನುಬಂಧದ 13ನೇ ಪ್ಯಾರಾ ಪ್ರಕಾರ, ಪುಸ್ತಕದ ಅವಧಿ ಇರುವವರೆಗೆ ಕೊಟ್ಟ ದೇಶ ಆ ವ್ಯಕ್ತಿಯನ್ನು ವಾಪಸ್ ಸೇರಿಸಿಕೊಳ್ಳಲೇಬೇಕು. ವಿಶೇಷ ಸಂದರ್ಭದಲ್ಲಿ ವಾಪಸಾತಿಯ ಗಡುವನ್ನು ಕಡಿಮೆ ಮಾಡಬಹುದು, ಆದರೆ ಮೂರು ತಿಂಗಳಿಗಿಂತ ಕಡಿಮೆ ಮಾಡುವ ಹಾಗಿಲ್ಲ. ಗಡಿಯಲ್ಲಿ ಕೂತ ಅಧಿಕಾರಿಗೆ ಇದೇ ಮುಖ್ಯ. "ಇವರು ಇಲ್ಲೇ ಉಳಿದುಬಿಟ್ಟರೆ ಯಾರ ತಲೆಗೆ ಕಟ್ಟಲಿ" ಅನ್ನುವುದು ಅವನ ಚಿಂತೆ.

ಹಾಗಾಗಿ ಅವಧಿ ಮುಗಿಯಲು ಕೆಲವೇ ವಾರ ಉಳಿದ ಪುಸ್ತಕ ಹಿಡಿದು ಹೊರಡಬೇಡಿ. ವಿನುತಾ ಮೇಡಂ, ಇಬ್ಬರ ಪುಸ್ತಕದ ಮತ್ತು ಕಾರ್ಡಿನ ಕೊನೆಯ ದಿನಾಂಕ ನೋಡಿ ಹೇಳುತ್ತೀರಾ?

ಮಂಜುಳಾ_ಅಸ್ಮಾರಾ
ನನ್ನ ಗಂಡ ಎರಿಟ್ರಿಯಾದವರು, ಜರ್ಮನಿಯ ನೀಲಿ ಪುಸ್ತಕ. ವೀಸಾ ಕೈಯಲ್ಲಿದ್ದರೂ ಚೆಕ್-ಇನ್ ಕೌಂಟರಿನಲ್ಲಿ ಸಿಕ್ಕಿಹಾಕಿಕೊಂಡ ಕಥೆ ಹೇಳ್ತೀನಿ. ವಿಮಾನ ಕಂಪನಿಯ ಹೆಸರು ಬೇಡ.

ಕೌಂಟರಿನ ಹುಡುಗಿ ಪುಸ್ತಕ ತಿರುವಿ ತಿರುವಿ ನೋಡಿದಳು. ಕಂಪ್ಯೂಟರ್‌ನಲ್ಲಿ ಎರಿಟ್ರಿಯಾ ಅಂತ ಹೊಡೆದಳು. ದಾಖಲೆ ಅನ್ನುವ ಕಡೆ ಪಾಸ್‌ಪೋರ್ಟ್ ಅಂತ ಹಾಕಿದಳು. ಪರದೆ ಮೇಲೆ ಬಂದ ನಿಯಮ ಎರಿಟ್ರಿಯಾ ಪಾಸ್‌ಪೋರ್ಟಿನದ್ದು, ಕೈಲಿರೋ ಪುಸ್ತಕದ್ದಲ್ಲ. "ಇದು ಹೊಂದಾಣಿಕೆ ಆಗ್ತಿಲ್ಲ, ಪಕ್ಕಕ್ಕೆ ನಿಲ್ಲಿ" ಅಂದಳು. ಸಾಲು ಕರಗಿತು, ನಾವು ನಿಂತೇ ಇದ್ದೆವು. ಕೊನೆಗೆ ಮೇಲ್ವಿಚಾರಕರು ಬಂದು ಪುಸ್ತಕದ ಫೋಟೋ ಪುಟದ ಕೆಳಗಿನ ಎರಡು ಸಾಲು ನೋಡಿದರು, ದಾಖಲೆಯ ವಿಧ ಬದಲಾಯಿಸಿದರು, ಎರಡೇ ನಿಮಿಷದಲ್ಲಿ ಬೋರ್ಡಿಂಗ್ ಪಾಸ್ ಬಂತು.

ಇನ್ನೊಂದು, ಅವರ ಪುಸ್ತಕದಲ್ಲಿ ಜರ್ಮನ್‌ನಲ್ಲಿ ಒಂದು ಸಾಲು ಇದೆ: ವೈಯಕ್ತಿಕ ವಿವರಗಳು ಅರ್ಜಿದಾರರ ಸ್ವಂತ ಹೇಳಿಕೆಯ ಮೇಲೆ ಆಧರಿಸಿವೆ ಅಂತ. ಇದು ಎಲ್ಲರಿಗೂ ಇರುತ್ತಾ? ಒಂದು ದೇಶದವರು ಇದನ್ನು ನೋಡಿ ವೀಸಾ ಅರ್ಜಿ ವಾಪಸ್ ಕೊಟ್ಟರು.

ಮೊಹರು
ಮಂಜುಳಾ ಅಕ್ಕ, ಎರಡೂ ನಿಜವಾದ ತೊಡಕುಗಳೇ.

ಮೊದಲು ಕೌಂಟರ್ ವಿಷಯ. ವಿಮಾನ ಕಂಪನಿಗಳು ಸಾಮಾನ್ಯವಾಗಿ ಟಿಮ್ಯಾಟಿಕ್ ಅನ್ನುವ ವ್ಯವಸ್ಥೆಯಲ್ಲಿ ನಿಯಮ ನೋಡುತ್ತವೆ. ತಪ್ಪು ದಾಖಲೆಯವರನ್ನು ಹತ್ತಿಸಿಕೊಂಡು ಬಂದರೆ ದಂಡ ಕಂಪನಿಯ ಮೇಲೆ ಬೀಳುತ್ತದೆ, ವಾಪಸ್ ಕರೆದೊಯ್ಯುವ ಖರ್ಚೂ ಅವರದ್ದೇ. ಅದಕ್ಕೇ ಅನುಮಾನ ಬಂದರೆ "ಬೇಡ" ಅನ್ನುವುದು ಅವರಿಗೆ ಸುಲಭ. ಗಡಿ ಅಧಿಕಾರಿ ಒಳಗೆ ಬಿಡುತ್ತಿದ್ದ ಪ್ರಯಾಣಿಕರನ್ನೂ ಕೌಂಟರಿನಲ್ಲೇ ತಡೆದದ್ದನ್ನು ನೋಡಿದ್ದೇನೆ.

ಫೋಟೋ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲು ಇವೆಯಲ್ಲ, ಅದರ ಎರಡನೇ ಸಾಲಿನಲ್ಲಿ 11ರಿಂದ 13ನೇ ಅಕ್ಷರ ರಾಷ್ಟ್ರೀಯತೆಯ ಜಾಗ. ನಿರಾಶ್ರಿತರಿಗೆ ಅಂತಲೇ ಇರುವ ಸಂಕೇತ `XXB`, ಪೌರತ್ವ ಇಲ್ಲದವರಿಗೆ `XXA`. ಬುಕಿಂಗ್ ಫಾರ್ಮಿನಲ್ಲಿ ಊಹೆ ಮಾಡಬೇಡಿ. ಆ ಮೂರು ಅಕ್ಷರ ಏನಿದೆಯೋ ಅದನ್ನೇ ಆರಿಸಿ. `XXB` ಇದ್ದರೆ ಪಟ್ಟಿಯಲ್ಲಿ ನಿರಾಶ್ರಿತರು ಅನ್ನುವ ಆಯ್ಕೆ ಹುಡುಕಿ. ದೇಶದ ಸಂಕೇತ ಇದ್ದರೆ ಆ ದೇಶ, ಆದರೆ ದಾಖಲೆ ಕೊಟ್ಟ ದೇಶ ಅನ್ನುವ ಕಡೆ ಜರ್ಮನಿ. ರಾಷ್ಟ್ರೀಯತೆಗೆ ಮಾತ್ರ ಜರ್ಮನಿ ಹಾಕಲೇಬೇಡಿ. ಜರ್ಮನ್ ಪ್ರಜೆ ಅಂತ ದಾಖಲಾಗಿ, ಆನ್‌ಲೈನ್ ವ್ಯವಸ್ಥೆ ವೀಸಾ ಬೇಡ ಅಂತ ಹೇಳಿ, ಕೊನೆಗೆ ಕೌಂಟರಿನಲ್ಲಿ ಎಲ್ಲಾ ಬಿಚ್ಚಿಕೊಳ್ಳುತ್ತದೆ. ಪಟ್ಟಿಯಲ್ಲಿ ಆ ಆಯ್ಕೆಯೇ ಇಲ್ಲದಿದ್ದರೆ ಆನ್‌ಲೈನ್ ಚೆಕ್-ಇನ್ ಬಿಟ್ಟು, ಬೇಗ ಹೋಗಿ ಕೌಂಟರಿನಲ್ಲೇ ಮಾಡಿಸಿ. "ದಾಖಲೆಯ ವಿಧದಲ್ಲಿ ನಿರಾಶ್ರಿತರ ಟ್ರಾವೆಲ್ ಡಾಕ್ಯುಮೆಂಟ್ ಅಂತ ಹಾಕಿ ನೋಡಿ" ಎಂದು ಮೆತ್ತಗೆ ಹೇಳಿ. ಮೇಲ್ವಿಚಾರಕರನ್ನು ಕರೆಸುವುದಕ್ಕೆ ಸಂಕೋಚ ಬೇಡ.

ಇನ್ನು ಆ ಸಾಲು. ಗುರುತನ್ನು ಸಾಬೀತು ಮಾಡುವ ಮೂಲ ದಾಖಲೆ ಇಲ್ಲದವರಿಗೆ ಜರ್ಮನಿ ಹಾಗೆ ಬರೆಯುತ್ತದೆ. ಪುಸ್ತಕ ಅಸಲಿಯೇ, ಅವಧಿಯೂ ಸರಿ. ಆದರೆ ಕೆಲವು ದೇಶಗಳ ವೀಸಾ ಕಚೇರಿಗಳು "ಕೊಟ್ಟ ದೇಶಕ್ಕೇ ಇವರು ಯಾರು ಅಂತ ಖಾತ್ರಿ ಇಲ್ಲ, ನಾವ್ಯಾಕೆ ನಂಬಬೇಕು" ಎನ್ನುತ್ತವೆ. ನನ್ನ ಅಭಿಪ್ರಾಯದಲ್ಲಿ ಇದು ಅನ್ಯಾಯ. ದೇಶ ಬಿಟ್ಟು ಓಡಿಬಂದವರ ಹತ್ತಿರ ಜನನ ಪತ್ರ ಎಲ್ಲಿಂದ ಬರಬೇಕು? ಆದರೆ ಜಗಳ ಆಡಿ ಗೆಲ್ಲುವ ಜಾಗ ಅದಲ್ಲ. ಮದುವೆ ಪ್ರಮಾಣಪತ್ರ, ಹಳೆ ಶಾಲಾ ದಾಖಲೆ, ಏನಾದರೂ ಸಿಕ್ಕರೆ ವಲಸೆ ಕಚೇರಿಗೆ ಕೊಟ್ಟು ಆ ಸಾಲು ತೆಗೆಸಲು ಅರ್ಜಿ ಹಾಕಬಹುದು. ಒಪ್ಪುತ್ತಾರಾ ಅನ್ನುವುದು ಕಚೇರಿಯಿಂದ ಕಚೇರಿಗೆ ಬದಲಾಗುತ್ತದೆ.

ಮಂಜುಳಾ_ಅಸ್ಮಾರಾ
ಕೊಟ್ಟಿದ್ದೇವೆ. ಚರ್ಚ್‌ನ ಹಳೆಯ ದಾಖಲೆ. "ಇದರಲ್ಲಿ ಫೋಟೋ ಇಲ್ಲ" ಅಂದರು. ಈಗ ಮತ್ತೆ ಕಾಯುತ್ತಿದ್ದೇವೆ.

ಹರೀಶ್ ಬಿ.
ಮೊಹರು ಅವರೇ, ಬ್ರಿಟನ್ ವಿಷಯ ಸರಿ. ಆದರೆ ಆಮ್‌ಸ್ಟರ್‌ಡ್ಯಾಮ್‌ಗೆ ತೊಂದರೆ ಇಲ್ಲ ಅಂತ ನೀವೇ ಹೇಳಿದಿರಿ. ಅದು 1959ರ ಒಪ್ಪಂದದಿಂದಲೇ ತಾನೆ? ಹಾಗಾದರೆ ಪೌರತ್ವ ಇಲ್ಲದವರು ಆಮ್‌ಸ್ಟರ್‌ಡ್ಯಾಮ್‌ಗೂ ಹೋಗಲಾಗದು ಅಂತಾಯಿತು.

ಮೊಹರು
ಇಲ್ಲ, ಅವರೂ ಹೋಗಬಹುದು. ದಾರಿ ಬೇರೆ. ಜರ್ಮನಿ, ನೆದರ್‌ಲ್ಯಾಂಡ್ಸ್ ಎರಡೂ ಷೆಂಗೆನ್ ಎಂಬ ಯುರೋಪಿನ ಒಂದೇ ವೀಸಾ ವಲಯದಲ್ಲಿವೆ, ಅದರೊಳಗೆ ಕೆಲಸ ಮಾಡುವುದು ಷೆಂಗೆನ್ ನಿಯಮ. ಒಂದು ಷೆಂಗೆನ್ ದೇಶದ ರೆಸಿಡೆನ್ಸ್ ಪರ್ಮಿಟ್ ಮತ್ತು ಅವಧಿ ಇರುವ ಪ್ರಯಾಣ ದಾಖಲೆ, ಎರಡೂ ಇದ್ದರೆ ಬೇರೆ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳೊಳಗೆ 90 ದಿನದವರೆಗೆ ಇರಬಹುದು. ನಿರಾಶ್ರಿತರೋ, ಪೌರತ್ವ ಇಲ್ಲದವರೋ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಜರ್ಮನಿಯಲ್ಲಿ ಇದ್ದ ದಿನಗಳು ಆ 90ರಲ್ಲಿ ಸೇರುವುದೂ ಇಲ್ಲ.

ಫ್ರಾನ್ಸ್ ಉದಾಹರಣೆ ನೋಡಿ. 1959ರ ಒಪ್ಪಂದವನ್ನು ಫ್ರಾನ್ಸ್ 1986ರಲ್ಲೇ ತಡೆಹಿಡಿಯಿತು. ಆದರೂ ಜರ್ಮನಿಯ ಕಾರ್ಡ್ ಇರುವ ನಿರಾಶ್ರಿತರು ಇವತ್ತು ಪ್ಯಾರಿಸ್‌ಗೆ ವೀಸಾ ಇಲ್ಲದೆ ಹೋಗಿ ಬರುತ್ತಾರೆ. ಷೆಂಗೆನ್ ಹೊರಗಿರುವ ಬ್ರಿಟನ್, ಐರ್ಲೆಂಡ್ ವಿಷಯದಲ್ಲಿ ಈ ಆಸರೆ ಇಲ್ಲ.

ಕಾರ್ಡ್ ಒಂದೇ ಇಟ್ಟುಕೊಂಡು ಹೊರಡುವವರು ಜಾಸ್ತಿ. ಕಾರ್ಡ್ ಪ್ರಯಾಣ ದಾಖಲೆ ಅಲ್ಲ. ಜರ್ಮನಿ ಮತ್ತು ನೆದರ್‌ಲ್ಯಾಂಡ್ಸ್ ಎರಡೂ 2024ರಲ್ಲಿ ತಮ್ಮ ನಡುವಿನ ಗಡಿಯಲ್ಲಿ ಮತ್ತೆ ತಪಾಸಣೆ ಶುರು ಮಾಡಿದವು. ರೈಲಿನಲ್ಲಿ ಪೊಲೀಸರು ಹತ್ತಿದರೆ ಪುಸ್ತಕವೂ ಬೇಕು, ಕಾರ್ಡೂ ಬೇಕು.

ಹರೀಶ್ ಬಿ.
ಸರಿ. ಆದರೂ ಸಹಿ ಹಾಕಿ ಆಮೇಲೆ ತಡೆಹಿಡಿಯುವುದು ಎಂಥಾ ಒಪ್ಪಂದ ಅಂತ ನನಗೆ ಅರ್ಥವಾಗುವುದಿಲ್ಲ.

ರಾಘು_ಹಳೆಕಡತ
ಸಾರ್ವಜನಿಕ ಸುವ್ಯವಸ್ಥೆ, ಭದ್ರತೆ ಅಂತ ಕಾರಣ ಕೊಟ್ಟು ತಡೆಹಿಡಿಯಲು ಒಪ್ಪಂದದಲ್ಲೇ ಅವಕಾಶ ಇದೆ. ಸಹಿ ಹಾಕುವಾಗಲೇ ಬಾಗಿಲು ಇಟ್ಟುಕೊಂಡಿದ್ದಾರೆ.

ವಿನುತಾ
ಮೊಹರು ಸರ್, ತುಂಬಾ ಉಪಕಾರ ಆಯ್ತು. ದಿನಾಂಕಗಳು ಸಿಕ್ಕವು. ಸಿರಿಯಾದವರ ಪುಸ್ತಕ ನವೆಂಬರ್ 20ಕ್ಕೆ ಮುಗಿಯುತ್ತದೆ, ಕಾರ್ಡ್ ಇನ್ನೂ ಒಂದೂವರೆ ವರ್ಷ ಇದೆ. ಇನ್ನೊಬ್ಬರದ್ದು ಎರಡೂ ಮುಂದಿನ ವರ್ಷದ ಕೊನೆಗೆ. ಆಮ್‌ಸ್ಟರ್‌ಡ್ಯಾಮ್ ಮೀಟಿಂಗ್ ಅಕ್ಟೋಬರ್ 14ಕ್ಕೆ ಶುರು, ಲಂಡನ್ 17 ಮತ್ತು 18. ಈಗ ಜುಲೈ ಕೊನೆ. ಸಾಕಷ್ಟು ಸಮಯ ಇದೆ ಅಲ್ವಾ?

ಮೊಹರು
ಪೌರತ್ವ ಇಲ್ಲದವರಿಗೆ ಸಾಕು. ಸಿರಿಯಾದವರಿಗೆ ಬಿಗಿ ಇದೆ. ಹಿಂದಿನಿಂದ ಲೆಕ್ಕ ಹಾಕೋಣ.

ಬ್ರಿಟನ್ ವಿಸಿಟರ್ ವೀಸಾಗೆ ಆನ್‌ಲೈನ್ ಅರ್ಜಿ ತುಂಬಿ, ವೀಸಾ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಫೋಟೋ ಕೊಡಬೇಕು. ಅಲ್ಲಿಂದ ಸಾಮಾನ್ಯವಾಗಿ ಮೂರು ವಾರದಲ್ಲಿ ನಿರ್ಧಾರ ಅಂತ ಅವರೇ ಹೇಳುತ್ತಾರೆ. ಪ್ರಯಾಣಕ್ಕೆ ಮೂರು ತಿಂಗಳ ಮುಂಚೆ ಅರ್ಜಿ ಹಾಕಬಹುದು. ಅಂದರೆ ಪೌರತ್ವ ಇಲ್ಲದವರು ಈಗಲೇ ಹಾಕಬಹುದು. ತಡೆಯಬೇಡಿ.

ಸಿರಿಯಾದವರ ಪುಸ್ತಕ ಪ್ರಯಾಣದ ದಿನ ಮಾನ್ಯವಾಗೇ ಇರುತ್ತದೆ. ಕಾಗದದ ಮೇಲೆ ನೋಡಿದರೆ ಹೋಗಬಹುದು. ಆದರೆ ಲಂಡನ್ನಿನಿಂದ ಹೊರಡುವಾಗ ಅವಧಿ ಒಂದೇ ತಿಂಗಳು ಚಿಲ್ಲರೆ ಉಳಿದಿರುತ್ತದೆ. ವೀಸಾ ಅಧಿಕಾರಿಯ ಕಣ್ಣಿಗೆ ಅದು ಚೆನ್ನಾಗಿ ಕಾಣುವುದಿಲ್ಲ. ಆ ಪುಸ್ತಕದ ಮೇಲೆ ವೀಸಾ ಮಾಡಿಸಿ, ಮಧ್ಯೆ ಹೊಸ ಪುಸ್ತಕ ಬಂದರೆ ಇನ್ನೊಂದು ತಲೆನೋವು, ವೀಸಾ ಹಳೆ ಪುಸ್ತಕದ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಮೊದಲು ಹೊಸ ಪುಸ್ತಕ, ಆಮೇಲೆ ವೀಸಾ. ಜರ್ಮನಿಯಲ್ಲಿ ಚಿಪ್ ಇರುವ ಪುಸ್ತಕ ಮೂರು ವರ್ಷದವರೆಗೆ ಕೊಡುತ್ತಾರೆ. ಮುದ್ರಣ ಆಗಿ ಬರಲು ವಾರಗಟ್ಟಲೆ ಹಿಡಿಯುತ್ತದೆ. ಅದಕ್ಕಿಂತ ಕಷ್ಟ ಅಂದರೆ ಊರಿನ ವಲಸೆ ಕಚೇರಿಯಲ್ಲಿ ಭೇಟಿಯ ಸಮಯ ಸಿಗುವುದು. ಇವತ್ತೇ ಇಮೇಲ್ ಹಾಕಿಸಿ. ಕಂಪನಿಯ ಆಹ್ವಾನ ಪತ್ರ, ಪ್ರಯಾಣದ ದಿನಾಂಕ ಸೇರಿಸಿ. ಆಗಸ್ಟ್ ಕೊನೆಯೊಳಗೆ ಹೊಸ ಪುಸ್ತಕ ಬಂದರೆ ನೆಮ್ಮದಿ. ಸೆಪ್ಟೆಂಬರ್ ಮಧ್ಯಕ್ಕೂ ಬರದಿದ್ದರೆ ಅವರು ಲಂಡನ್ ಸಭೆಗೆ ವೀಡಿಯೊದಲ್ಲಿ ಸೇರಲಿ, ಆಮ್‌ಸ್ಟರ್‌ಡ್ಯಾಮ್ ಮಾತ್ರ ಮಾಡಲಿ.

ಚಿಪ್ ಇಲ್ಲದ ತಾತ್ಕಾಲಿಕ ಪುಸ್ತಕ ಬೇಗ ಸಿಗುತ್ತದೆ, ಒಂದು ವರ್ಷದವರೆಗೆ. ಆದರೆ ಕೆಲವು ದೇಶಗಳು ಅದನ್ನು ಒಪ್ಪುವುದಿಲ್ಲ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಅದು.

ವೀಸಾ ಕೇಂದ್ರದವರು ಪುಸ್ತಕ ಇಟ್ಟುಕೊಂಡರೆ ಆ ದಿನಗಳಲ್ಲಿ ಜರ್ಮನಿ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಆಮ್‌ಸ್ಟರ್‌ಡ್ಯಾಮ್‌ಗೂ ಇಲ್ಲ. ಆ ನಡುವೆ ಬೇರೆ ಪ್ರವಾಸ ಇಟ್ಟಿದ್ದರೆ ಈಗಲೇ ತೆಗೆಯಿರಿ.

ಯೂರೋಸ್ಟಾರ್‌ನಲ್ಲಿ ಬ್ರಿಟನ್ನಿನ ತಪಾಸಣೆ ಆಮ್‌ಸ್ಟರ್‌ಡ್ಯಾಮ್ ನಿಲ್ದಾಣದಲ್ಲೇ, ರೈಲು ಹತ್ತುವ ಮೊದಲೇ ನಡೆಯುತ್ತದೆ. ಇದು ಒಂದು ಥರ ಒಳ್ಳೆಯದು. ಏನಾದರೂ ತೊಡಕಾದರೂ ಷೆಂಗೆನ್ ಒಳಗೇ ಇರುತ್ತಾರೆ. ಬೇಗ ಹೋಗಲಿ, ಆಹ್ವಾನ ಪತ್ರ, ವಾಪಸ್ ಟಿಕೆಟ್, ಹೋಟೆಲ್ ಕಾಗದ ಮೊಬೈಲ್‌ನಲ್ಲಿ ಮಾತ್ರ ಅಲ್ಲ, ಕೈಯಲ್ಲೂ ಇರಲಿ.

ಡಬ್ಲಿನ್ ಟಿಕೆಟ್ ರದ್ದು ಮಾಡಿ. ಬೇರೆ ಬೇರೆ ಬುಕಿಂಗ್ ಅಂದರೆ ಡಬ್ಲಿನ್‌ನಲ್ಲಿ ಇಳಿದು, ವಲಸೆ ತಪಾಸಣೆ ದಾಟಿ, ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ. ಅದಕ್ಕೆ ಐರ್ಲೆಂಡಿನ ವೀಸಾ ಬೇರೆ. ಅಗ್ಗದ ಟಿಕೆಟಿನಲ್ಲಿ ಉಳಿದ ದುಡ್ಡು ಎಲ್ಲಿಗೂ ಸಾಲದು. ಲಂಡನ್ನಿನಿಂದ ನೇರ ಜರ್ಮನಿಗೆ ಮಾಡಿಸಿ.

ಪ್ರಸನ್ನ_ಹೆಚ್
ಒಂದು ಸರಳ ಪ್ರಶ್ನೆ. ಆ ಸಿರಿಯಾದವರು ಅವರ ದೇಶದ ರಾಯಭಾರ ಕಚೇರಿಗೆ ಹೋಗಿ ಸಿರಿಯಾ ಪಾಸ್‌ಪೋರ್ಟೇ ಮಾಡಿಸಬಹುದಲ್ಲ? ಇಷ್ಟೆಲ್ಲಾ ಯಾಕೆ?

ಮೊಹರು
ದಯವಿಟ್ಟು ಈ ಸಲಹೆಯನ್ನು ಯಾರಿಗೂ ಕೊಡಬೇಡಿ. "ನನ್ನ ದೇಶದ ರಕ್ಷಣೆ ನನಗೆ ಸಿಗುವುದಿಲ್ಲ" ಅನ್ನುವುದೇ ನಿರಾಶ್ರಿತ ಸ್ಥಾನದ ಆಧಾರ. ಸ್ವಂತ ಇಚ್ಛೆಯಿಂದ ಮತ್ತೆ ಆ ದೇಶದ ರಕ್ಷಣೆ ಪಡೆದರೆ ಸ್ಥಾನ ಹೋಗಬಹುದು ಅಂತ 1951ರ ಒಪ್ಪಂದದ ಮೊದಲ ವಿಧಿಯಲ್ಲೇ ಇದೆ. ಪಾಸ್‌ಪೋರ್ಟ್ ಮಾಡಿಸುವುದು ಅದಕ್ಕೆ ಒಂದು ಸುಳಿವು ಅಂತ ಅಧಿಕಾರಿಗಳು ನೋಡುತ್ತಾರೆ. ಲಂಡನ್ನಿನ ಎರಡು ದಿನಕ್ಕೆ ಬದುಕನ್ನೇ ಪಣಕ್ಕೆ ಇಟ್ಟಂತೆ ಆಗುತ್ತದೆ. ಸಲಹೆ ಬೇಕಿದ್ದರೆ ವಕೀಲರನ್ನು ಕೇಳಲಿ, ಟ್ರಾವೆಲ್ ಡೆಸ್ಕ್ ಅನ್ನು ಅಲ್ಲ.

ಪೂರ್ಣ ನಿರಾಶ್ರಿತ ಸ್ಥಾನ ಸಿಗದೆ, ಅದಕ್ಕಿಂತ ಕೆಳಗಿನ ರಕ್ಷಣೆ ಮಾತ್ರ ಸಿಕ್ಕವರ ಕಥೆ ಬೇರೆ. ಅವರಿಗೆ ನೀಲಿ ಪುಸ್ತಕ ಸಿಗುವುದಿಲ್ಲ. "ನಿಮ್ಮ ದೇಶದ ಪಾಸ್‌ಪೋರ್ಟ್ ಯಾಕೆ ಮಾಡಿಸಬಾರದು" ಅಂತ ಜರ್ಮನಿಯೇ ಕೇಳುತ್ತದೆ. ಸಾಧ್ಯವಿಲ್ಲ ಅಂತ ತೋರಿಸಿಕೊಟ್ಟರೆ ವಿದೇಶಿಯರ ಬೂದು ಪುಸ್ತಕ ಕೊಡುತ್ತದೆ. ಬೂದು ಪುಸ್ತಕ 1951ರ ಒಪ್ಪಂದದ್ದಲ್ಲ, ಹಾಗಾಗಿ ಮಾನ್ಯ ಮಾಡಲೇಬೇಕು ಅನ್ನುವ ಕಟ್ಟುಪಾಡು ಬೇರೆ ದೇಶಗಳಿಗಿಲ್ಲ.

ಉಷಾ_ಕಡಲಾಚೆ
ನಮ್ಮ ನಾದಿನಿಯದ್ದು ಉಲ್ಟಾ ಕೇಸು. ಅವಳ ಗಂಡ ಬ್ರಿಟನ್ನಿನಲ್ಲಿ ನಿರಾಶ್ರಿತ, ಪುಸ್ತಕ ಕೊಟ್ಟಿದ್ದು ಬ್ರಿಟನ್. ಅವರಿಗೆ ಇಟಲಿಗೆ ಹೋಗಬೇಕು. ಒಬ್ಬರು ವೀಸಾ ಬೇಕು ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ. ಮೊಹರು ಅವರೇ, ಯಾವುದು ಸರಿ?

ಮೊಹರು
ಉಷಾ ಅವರೇ, ಇಬ್ಬರೂ ಸರಿ ಇರಬಹುದು, ಬೇರೆ ಬೇರೆ ದೇಶ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದರೆ. ಬ್ರಿಟನ್ ಪುಸ್ತಕ ಇರುವ ನಿರಾಶ್ರಿತರಿಗೆ ವೀಸಾ ಬಿಡಬೇಕಾ ಬೇಡವಾ ಅನ್ನುವುದನ್ನು ಐರೋಪ್ಯ ಒಕ್ಕೂಟದ ನಿಯಮ ಆಯಾ ಸದಸ್ಯ ದೇಶಕ್ಕೇ ಬಿಟ್ಟಿದೆ. ಹಾಗಾಗಿ ಷೆಂಗೆನ್ ಒಂದೇ ಆದರೂ ಇಲ್ಲಿ ಉತ್ತರ ಒಂದೇ ಅಲ್ಲ. ಎರಡು ಕಡೆ ನೋಡಬೇಕು. ಐರೋಪ್ಯ ಆಯೋಗ ಒಂದು ದೊಡ್ಡ ಕೋಷ್ಟಕ ಪ್ರಕಟಿಸುತ್ತದೆ: ಯಾವ ದೇಶ ಕೊಟ್ಟ ಯಾವ ಪುಸ್ತಕವನ್ನು ಯಾವ ಷೆಂಗೆನ್ ದೇಶ ಮಾನ್ಯ ಮಾಡುತ್ತದೆ ಅಂತ. ಅದು ಮೊದಲ ಪ್ರಶ್ನೆಗೆ ಉತ್ತರ. ವೀಸಾ ಪ್ರಶ್ನೆಗೆ ಇಟಲಿಯ ದೂತಾವಾಸದ ಲಿಖಿತ ಉತ್ತರ ಪಡೆದುಕೊಳ್ಳಿ. ಫೋನ್‌ನಲ್ಲಿ ಕೇಳಬೇಡಿ, ಇಮೇಲ್ ಮಾಡಿ. ಆ ಇಮೇಲ್ ಕೌಂಟರಿನಲ್ಲಿ ಕೆಲಸಕ್ಕೆ ಬರುತ್ತದೆ.

ಉಷಾ_ಕಡಲಾಚೆ
ಇಮೇಲ್ ಮಾಡಿದ್ದಾರೆ. ವೆಬ್‌ಸೈಟ್ ನೋಡಿ ಅಂತ ಒಂದು ಸಾಲಿನ ಉತ್ತರ ಬಂದಿದೆ. ವೆಬ್‌ಸೈಟಿನಲ್ಲಿ ಬ್ರಿಟಿಷ್ ಪ್ರಜೆಗಳ ಬಗ್ಗೆ ಮಾತ್ರ ಇದೆ.

ಮಂಜುಳಾ_ಅಸ್ಮಾರಾ
ಉಷಾ, ಪುಸ್ತಕದ ಮುಖಪುಟ ಮತ್ತು ಫೋಟೋ ಪುಟ ಸ್ಕ್ಯಾನ್ ಮಾಡಿ ಲಗತ್ತಿಸಿ ಮತ್ತೆ ಕಳಿಸಿ. ನಮಗೆ ಎರಡನೇ ಸಲ ಹಾಗೆ ಮಾಡಿದಾಗ ಸರಿಯಾದ ಉತ್ತರ ಬಂತು. ಬರೀ ಮಾತಲ್ಲಿ ಕೇಳಿದರೆ ಅವರು ಬ್ರಿಟಿಷ್ ಪಾಸ್‌ಪೋರ್ಟ್ ಅಂತಲೇ ಓದಿಕೊಳ್ಳುತ್ತಾರೆ.

ವಿನುತಾ
ಡಬ್ಲಿನ್ ರದ್ದು ಮಾಡಿದೆ, ನೇರ ವಿಮಾನ ಹಾಕಿದ್ದೇನೆ. ವಲಸೆ ಕಚೇರಿಗೆ ಇಮೇಲ್ ಹೋಗಿದೆ. ಇಬ್ಬರ ಪುಸ್ತಕದ ಎರಡನೇ ಸಾಲನ್ನೂ ನೋಡಿದೆ. ಪೌರತ್ವ ಇಲ್ಲದವರದ್ದು `XXA` ಅಂತ ಸ್ಪಷ್ಟವಾಗಿದೆ. ಆದರೆ ನಮ್ಮ ಬುಕಿಂಗ್ ಸೈಟಿನ ಪಟ್ಟಿಯಲ್ಲಿ ಆ ಆಯ್ಕೆಯೇ ಇಲ್ಲ, ಕೌಂಟರಿನಲ್ಲಿ ಮಾಡಿಸಲು ಹೇಳಿದ್ದೇನೆ.

ಕೊನೆಯದಾಗಿ ಒಂದು. ಮುಂದಿನ ವರ್ಷದ ವಾರ್ಷಿಕ ಸಭೆ ದುಬೈನಲ್ಲಿ ಇಡುವ ಮಾತು ನಡೆದಿದೆ. ಅಲ್ಲಿ ಹೇಗೆ?

ಮೊಹರು
1951ರ ಒಪ್ಪಂದ ಅಥವಾ ಅದರ 1967ರ ಪೂರಕ ಒಪ್ಪಂದಕ್ಕೆ ಸೇರಿದ ದೇಶಗಳು ಸುಮಾರು 150. ಯುಎಇ ಅದರಲ್ಲಿಲ್ಲ. ಸೌದಿ, ಕತಾರ್, ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್ ಕೂಡ ಇಲ್ಲ. 1954ರ ಒಪ್ಪಂದಕ್ಕೆ ಸೇರಿದವರು ಇನ್ನೂ ಕಡಿಮೆ. ಹಾಗಾಗಿ ಈ ಪುಸ್ತಕಗಳನ್ನು ಮಾನ್ಯ ಮಾಡಲೇಬೇಕು ಅಂತ ಅಲ್ಲಿ ಯಾರನ್ನೂ ಕೇಳಲಾಗದು. ಹಾಗಂತ ಕೊಡುವುದೇ ಇಲ್ಲ ಅಂತಲೂ ಅಲ್ಲ, ಒಪ್ಪಂದದಲ್ಲಿ ಇಲ್ಲದ ದೇಶವೂ ತನ್ನ ಇಷ್ಟದಂತೆ ವೀಸಾ ಕೊಡಬಹುದು. ಜಾಗ ಗೊತ್ತು ಮಾಡುವ ಮೊದಲು ಇವರಿಬ್ಬರ ಪುಸ್ತಕಕ್ಕೆ ವೀಸಾ ಕೊಡುತ್ತಾರಾ ಅಂತ ಅಲ್ಲಿನ ದೂತಾವಾಸವನ್ನು ಕೇಳಿ, ಉತ್ತರ ಬಂದ ಮೇಲೆ ಸಭಾಂಗಣಕ್ಕೆ ಮುಂಗಡ ಕೊಡಿ.

ವಿನುತಾ
ಮುಂಗಡ ಹೋದ ವಾರವೇ ಕೊಟ್ಟಾಗಿದೆಯಂತೆ. ಇದನ್ನು ಮ್ಯಾನೇಜರ್‌ಗೆ ಕಳಿಸುತ್ತೇನೆ.